ಪಾಸ್ ಬೇಕಾ, ಬೇಡವಾ?

ಇವತ್ತು ಕಾರ್ಡಿನಲ್ಲಿದ್ದ ಮೂರು ತಿಂಗಳ ಪ್ರಯಾಣದ ವಿವರ ತೆಗೆದು ಕೂತೆ. ನನ್ನ ದಾರಿಗೆ ತಿಂಗಳ ಪಾಸ್ ಅಂದರೆ 40 ಟಿಕೆಟ್‌ನ ದುಡ್ಡು. ನಾನು ಓಡಾಡಿದ್ದು 46, 33, 38 ಸಲ. ಸರಾಸರಿ 39 ಬಂತು, ಹಾಗಾದರೆ ಪಾಸೇ ಬೇಡ ಅನ್ನಿಸಿತು. ಆದರೆ ತಿಂಗಳು ತಿಂಗಳಾಗಿ ನೋಡಿದರೆ ಲೆಕ್ಕವೇ ಬೇರೆ. ಮೂರೂ ತಿಂಗಳು ಪಾಸ್ ಕೊಂಡರೆ 120 ಟಿಕೆಟ್‌ನ ಖರ್ಚು, ಕೊಳ್ಳದೇ ಇದ್ದರೆ 117, ಮೊದಲ ತಿಂಗಳು ಮಾತ್ರ ಕೊಂಡಿದ್ದರೆ 111!

ಮುಂದಿನ ತಿಂಗಳು ಕೆಲಸದ ದಿನ 22, ಅದರಲ್ಲಿ ಮೂರು ದಿನ ರಜೆ ಹಾಕಿದ್ದೇನೆ. ಹೋಗಿ ಬರೋದು ಸೇರಿ 38 ಆಯಿತು, ಪಾಸ್ ಬೇಡ.

33 ಇರುವ ತಿಂಗಳು ಒಂದು ವಾರ ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದೆ. ಆ ವಾರ ಪಟ್ಟಿಯಲ್ಲಿ ಒಂದು ಸಾಲೂ ಇಲ್ಲ. ಅದನ್ನೇ ನೋಡುತ್ತಾ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.