ಹೂಮಳೆ ವರದಿ 280 ಅಕ್ಷರಕ್ಕೆ ಇಳಿದ ಕಥೆ

ಕೊನೆಗೂ ಇಳಿಯಿತು. ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಂದಾಗ ರೊಬಸ್ಟಾ ಕಾಫಿ ಬೆಳೆಗಾರರಿಗೆಂದು ಎಕ್ಸ್‌ಗೆ ಬರೆದ ವರದಿ 520 ಅಕ್ಷರದ ಆಸುಪಾಸು ಇತ್ತು, ಈಗ ಕೊಂಡಿಯೂ ಸೇರಿ 244ರಲ್ಲಿ ನಿಂತಿದೆ. ಓದಿದವರು ಏನು ಮಾಡಬೇಕು ಅನ್ನೋದು ಅದರಲ್ಲಿ ಪೂರ್ತಿ ಉಳಿದಿದೆ. ಮಳೆ ಮಾಪಕ ಇಡೋದು, ಬೆಳಿಗ್ಗೆ ನೋಡೋದು, ಪುಸ್ತಕದಲ್ಲಿ ಬರೆಯೋದು ನಿಮಗೆಲ್ಲ ಗೊತ್ತಿರುವ ಕೆಲಸ. ಅದನ್ನು ಬಿಟ್ಟು ನೇರವಾಗಿ ಕಾಡಿದ ವಿಷಯಕ್ಕೆ ಬರುತ್ತೇನೆ.

ಮೊದಲು ಬರೆದಿದ್ದು ಹೀಗಿತ್ತು, ಇದರಲ್ಲಿ ಸೆಂಟ್ ಅಂದರೆ ಇಂಚಿನ ನೂರರಲ್ಲಿ ಒಂದು ಭಾಗ:

"ನಿನ್ನೆ ಸಂಜೆ ಮೋಡ ಕಟ್ಟಿ, ಗುಡುಗಿ, ಕೊನೆಗೂ ಹೂಮಳೆ ಬಂತು. ಎಷ್ಟು ದಿನದಿಂದ ಕಾಯ್ತಾ ಇದ್ದೆವು ಅಂತ ಎಲ್ಲರಿಗೂ ಗೊತ್ತೇ ಇದೆ. ಮಳೆ ಒಂದೇ ಸಮ ಬರಲಿಲ್ಲ, ಮೊದಲು ಜೋರಾಗಿ ಹೊಡೆದು ಆಮೇಲೆ ಹನಿ ಹನಿಯಾಗಿ ಬಂತು. ಬೆಳಿಗ್ಗೆ ನಮ್ಮ ಮಾಪಕ ನೋಡಿದಾಗ 65 ಸೆಂಟ್ ಇತ್ತು. ಹೊಳೆಯ ಆಚೆ ಕಡೆ ಇನ್ನೂ ಜಾಸ್ತಿ ಬಂದಿದೆಯಂತೆ, ಮೇಲಿನ ತೋಟದವರಿಗೆ ಬರೀ ತುಂತುರು. ರೊಬಸ್ಟಾ ಮೊಗ್ಗು ಪೂರ್ತಿ ಅರಳಬೇಕಾದರೆ ಸುಮಾರು ಒಂದು ಇಂಚಾದರೂ ಬೇಕು. ಕಡಿಮೆಯಾದರೆ ಮೊಗ್ಗು ಅರ್ಧಕ್ಕೆ ನಿಂತು ಒಣಗುತ್ತದೆ. ಹಾಗಾಗಿ ಒಂದು ಇಂಚಿಗಿಂತ ಕಡಿಮೆ ಬಂದವರು ಇವತ್ತು ನಾಳೆಯೊಳಗೆ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಿಸುವುದು ಒಳ್ಳೆಯದು. ಜಾಸ್ತಿ ಬಂದವರು ಸುಮ್ನೆ ಡೀಸೆಲ್ ಸುಡಬೇಕಾಗಿಲ್ಲ."

ಮಾತಿಗೆ ಕೂತರೆ ನಾವು ಮಳೆ ಸುದ್ದಿ ಹೇಳೋದೇ ಹೀಗೆ. ಮೋಡದಿಂದ ಶುರುವಾಗಿ ಹೊಳೆ ದಾಟಿ ಆಮೇಲೆ ಕೆಲಸದ ಮಾತು. ಆದರೆ ಎಕ್ಸ್‌ನಲ್ಲಿ 280 ಅಕ್ಷರದ ಮಿತಿ ಅನ್ನೋದು "ಬರೀ ತುಂತುರು" ಅನ್ನುವಲ್ಲಿಗೇ ಮುಗಿದುಹೋಗುತ್ತದೆ. ಅಲ್ಲಿಯವರೆಗೆ ಒಂದೇ ಒಂದು ಕೆಲಸದ ಮಾತು ಬಂದಿಲ್ಲ. ರೊಬಸ್ಟಾ, ಒಂದು ಇಂಚು, ಸ್ಪ್ರಿಂಕ್ಲರ್ ಎಲ್ಲವೂ ಗೆರೆಯ ಆಚೆ.

ಕತ್ತರಿಸುವ ಮೊದಲು ಎಣಿಕೆ ಸರಿ ಇರಬೇಕು. ಕಣ್ಣಿಗೆ ಕಾಣುವ ಅಕ್ಷರ ಬೇರೆ, ಅಲ್ಲಿ ಲೆಕ್ಕಕ್ಕೆ ಬರೋದು ಬೇರೆ. ಎಕ್ಸ್‌ನಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೂ ಒಂದು ಅಂಕ. ಗುಣಿತದ ಚಿಹ್ನೆಗೆ ಒಂದು, ಅರ್ಧಾಕ್ಷರ ಮಾಡುವ ಹಲಂತಕ್ಕೆ ಒಂದು, ಅನುಸ್ವಾರಕ್ಕೆ ಒಂದು. "ಕೊಡಗು" ಮೂರಕ್ಷರದ ಊರು, ಲೆಕ್ಕದಲ್ಲಿ ಐದು. "ಸ್ಪ್ರಿಂಕ್ಲರ್" ಬರೆದರೆ ಕಾಣೋದು ಪುಟ್ಟ ಪದ, ತಿನ್ನೋದು 12. ಎಮೋಜಿಗೆ ಎರಡು. ಕೊಂಡಿ ಎಷ್ಟೇ ಉದ್ದ ಇರಲಿ, 23. ಬ್ಲೂಸ್ಕೈನಲ್ಲಿ ಮಿತಿ 300. ಅಲ್ಲಿ ಅಕ್ಷರಕ್ಕೆ ಅಂಟಿಕೊಂಡ ಗುಣಿತದ ಚಿಹ್ನೆಯನ್ನು ಬೇರೆಯಾಗಿ ಎಣಿಸುವುದಿಲ್ಲ, ಹಾಗಾಗಿ ಕನ್ನಡಕ್ಕೆ ಜಾಗ ಧಾರಾಳ. ಎಕ್ಸ್‌ಗೆ ಹೊಂದಿದ್ದು ಅಲ್ಲಿ ಹೊಂದೇ ಹೊಂದುತ್ತದೆ, ಅದಕ್ಕೇ ನಾನು ಎಕ್ಸ್‌ನ ಲೆಕ್ಕವನ್ನೇ ಹಿಡಿದೆ.

ಎಣಿಸಲು ಇಷ್ಟು ಸಾಕು:

```python
import unicodedata
s = open("post.txt", encoding="utf-8").read().strip()
print(len(unicodedata.normalize("NFC", s)))
```

ನಡುವೆ `NFC` ಯಾಕೆ ಅಂದರೆ, ಕೆಲವು ಕಡೆಯಿಂದ ನಕಲು ಮಾಡಿ ತಂದ ಪಠ್ಯದಲ್ಲಿ "ಕೊ"ದ ಒತ್ವ ಒಂದೇ ಸಂಕೇತವಾಗಿ ಇರದೆ ಎರಡು ತುಂಡಾಗಿ ಇರುತ್ತದೆ. ನೋಡಲು ಒಂದೇ ಥರ. ಆ ಸಾಲು ತುಂಡುಗಳನ್ನು ಸೇರಿಸಿ ಎಣಿಸುತ್ತದೆ. ಎಮೋಜಿ, ಕೊಂಡಿ ಇದ್ದರೆ ಫೈಲಿನಲ್ಲಿ ಹಾಕದೆ ನೀವೇ ಬೇರೆಯಾಗಿ ಕೂಡಿಸಿಕೊಳ್ಳಿ.

ಈಗ ನಿಜವಾದ ತೊಡಕು. ಮೋಡ, ಗುಡುಗು, ಕಾದಿದ್ದು ಇವನ್ನು ತೆಗೆಯಲು ಯಾರಿಗೂ ಕಷ್ಟ ಇಲ್ಲ. ತೆಗೆದ ಮೇಲೆ ಬಂದ ಕರಡು ಇದು:

"ಕೊನೆಗೂ ಹೂಮಳೆ! ನಮ್ಮಲ್ಲಿ 65 ಸೆಂಟ್. ರೊಬಸ್ಟಾ ಮೊಗ್ಗಿಗೆ ಇದು ಸಾಲದು. ಎಲ್ಲರೂ ನಾಳೆಯೊಳಗೆ ಸ್ಪ್ರಿಂಕ್ಲರ್ ಹಾಕಿ."

ಬರೀ 96. ಓದಲು ಚುರುಕಾಗಿದೆ. ಹಾಕುವ ಮೊದಲು ಪಕ್ಕದ ತೋಟದ ಮಾವನಿಗೆ ತೋರಿಸಿದೆ. ಅವರ ತೋಟ ಹೊಳೆಯ ಆಚೆ.

"ನನ್ನ ಗೇಜಲ್ಲಿ ಒಂದೂ ಕಾಲು ಇಂಚು ಉಂಟಲ್ಲ ಮಾರಾಯ, ನಾನೂ ಹಾಕಬೇಕಾ?" ಅಂದರು.

ಇಲ್ಲೇ ಇರೋದು ವಿಷಯ. ಉದ್ದದ ಬರಹದಲ್ಲಿ "ಒಂದು ಇಂಚಿಗಿಂತ ಕಡಿಮೆ ಬಂದವರು" ಅಂತ ಒಂದು ಷರತ್ತು ಇತ್ತು. ಕತ್ತರಿಸುವಾಗ ಅದು ಅಲಂಕಾರದ ಜೊತೆ ಹೊರಟುಹೋಯಿತು. ಅದು ಹೋದ ತಕ್ಷಣ ನನ್ನ ಮಾಪಕದ ಅಂಕಿ ಊರಿಗೆಲ್ಲ ಆಜ್ಞೆಯಾಯಿತು. ಕೊಡಗಿನ ಹೂಮಳೆ ಹೇಗೆ ಅಂತ ಗೊತ್ತಲ್ವಾ, ಒಂದು ಬೇಲಿಯ ಈಚೆ ಮಣ್ಣು ತೋಯ್ದಿರುತ್ತದೆ, ಆಚೆ ಧೂಳು ಏಳುತ್ತಿರುತ್ತದೆ. ಹಾಗಾಗಿ ಈ ಬರಹದ ಮುಖ್ಯ ಮಾತು "65 ಸೆಂಟ್ ಬಂತು" ಅನ್ನೋದು ಅಲ್ಲ, "ಸ್ಪ್ರಿಂಕ್ಲರ್ ಹಾಕಿ" ಅನ್ನೋದೂ ಅಲ್ಲ. ನಿಮ್ಮ ಮಾಪಕ ನೋಡಿ, ಅದಕ್ಕೆ ತಕ್ಕಂತೆ ಮಾಡಿ ಅನ್ನೋದು.

ನಾನು ಈಗ ಬಳಸುವ ಪರೀಕ್ಷೆ ಒಂದೇ. ಒಂದೊಂದು ತುಂಡನ್ನೂ ತೆಗೆದು ನೋಡೋದು. ಅದು ಹೋದ ಮೇಲೆ ಓದುವ ಯಾರಾದರೂ ಒಬ್ಬರು ನಾಳೆ ಬೇರೆ ಕೆಲಸ ಮಾಡುತ್ತಾರಾ? ಮಾಡುತ್ತಾರೆ ಅಂದರೆ ಆ ತುಂಡು ಉಳಿಯಬೇಕು. ಗುಡುಗು ತೆಗೆದರೆ ಯಾರೂ ಬೇರೆ ಕೆಲಸ ಮಾಡುವುದಿಲ್ಲ. ಷರತ್ತು ತೆಗೆದರೆ ಮಾವ ಸುಮ್ನೆ ಪಂಪ್ ಓಡಿಸುತ್ತಾರೆ.

ಷರತ್ತನ್ನು ವಾಪಸ್ ತಂದಾಗ ಇನ್ನೊಂದು ಗಂಟು ಬಿತ್ತು. ಜಾಗ ಉಳಿಸಲು ಎರಡನ್ನೂ ಒಂದೇ ವಾಕ್ಯದಲ್ಲಿ ಹೆಣೆದೆ: "ಒಂದು ಇಂಚು ದಾಟಿದವರನ್ನು ಬಿಟ್ಟು ಉಳಿದವರು ನಾಳೆಯೊಳಗೆ ಸ್ಪ್ರಿಂಕ್ಲರ್ ಹಾಕಿದರೆ ಒಳ್ಳೆಯದು." ಅಕ್ಷರ ಕಡಿಮೆ ಆಯಿತು, ಆದರೆ ಓದಿದವರು ತಾವು ಯಾವ ಗುಂಪು ಅಂತ ನಿಂತು ಯೋಚಿಸಬೇಕು. ನಮ್ಮ ವಾಕ್ಯದಲ್ಲಿ ಕೆಲಸದ ಪದ ಬರೋದು ಕೊನೆಗೆ. ಹಾಕಿ, ಹಾಕಬೇಡಿ, ಹಾಕಬೇಕಾಗಿಲ್ಲ ಈ ಮೂರೂ ಶುರುವಾಗೋದು ಒಂದೇ ಥರ, ಬೇರೆಯಾಗೋದು ಬಾಲದಲ್ಲಿ. ವಾಕ್ಯ ಉದ್ದವಾದಷ್ಟೂ ಆ ಬಾಲ ದೂರ ಹೋಗುತ್ತದೆ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದುವವರು ಬಾಲದವರೆಗೆ ಬರುವುದೇ ಇಲ್ಲ.

ಅದಕ್ಕೆ ಎರಡು ಮಾಡಿದೆ. ಒಂದು ವಾಕ್ಯಕ್ಕೆ ಒಂದು ಷರತ್ತು, ಒಂದು ಕ್ರಿಯೆ. "ಬೇಡ" ಅನ್ನೋದಕ್ಕೆ ತನ್ನದೇ ಪುಟ್ಟ ವಾಕ್ಯ. ಅಕ್ಷರ ಸ್ವಲ್ಪ ಜಾಸ್ತಿ ತಿಂದರೂ ಇದೇ ಸರಿ. ಕೊನೆಯ ರೂಪ:

"ನಿಮ್ಮ ಮಾಪಕದಲ್ಲಿ 1 ಇಂಚಿಗಿಂತ ಕಡಿಮೆ ಇದ್ದರೆ ನಾಳೆಯೊಳಗೆ ರೊಬಸ್ಟಾಗೆ ಸ್ಪ್ರಿಂಕ್ಲರ್ ಹಾಕಿ, ಕೊರತೆ ತುಂಬಿಸಿ. 1 ಇಂಚು ದಾಟಿದ್ದರೆ ಬೇಡ. ಕಡಿಮೆ ನೀರಿಗೆ ಮೊಗ್ಗು ಅರ್ಧಕ್ಕೆ ನಿಂತು ಒಣಗುತ್ತದೆ. ನಿನ್ನೆಯ ಹೂಮಳೆ ನಮ್ಮಲ್ಲಿ 65 ಸೆಂಟ್. ತೋಟದಿಂದ ತೋಟಕ್ಕೆ ಮಳೆ ಬೇರೆ."

ಇದು 220. ಉದ್ದದ ಬರಹಕ್ಕೆ ಒಂದು ಕೊಂಡಿ ಮತ್ತು ಅದರ ಮುಂದಿನ ಖಾಲಿ ಜಾಗ ಸೇರಿ 24. ಒಟ್ಟು 244.

ಕ್ರಮ ಪೂರ್ತಿ ತಲೆಕೆಳಗಾಗಿದೆ ನೋಡಿ. ಮೊದಲು ಕೊನೆಯಲ್ಲಿದ್ದ ಕೆಲಸದ ಮಾತು ಈಗ ತಲೆಯಲ್ಲಿ. ಕಾರಣಕ್ಕೆ ಒಂದೇ ವಾಕ್ಯ. ಸುದ್ದಿ ಎಲ್ಲಕ್ಕಿಂತ ಕೊನೆಗೆ. ಕಾರಣವನ್ನೂ ತೆಗೆಯಬಹುದಿತ್ತು. ಆದರೆ ಅರ್ಧ ಅರಳಿದ ಮೊಗ್ಗು ಅಂದರೆ ಮುಂದಿನ ವರ್ಷದ ಫಸಲಿಗೇ ಪೆಟ್ಟು ಅಂತ ಬೆಳೆಗಾರರಿಗೆ ಗೊತ್ತು, ಆ ಒಂದು ಸಾಲಿಗೇ ಅವರು ಎದ್ದು ಮಾಪಕದ ಹತ್ತಿರ ಹೋಗುತ್ತಾರೆ. ಹಾಗಾಗಿ ಅದನ್ನು ಉಳಿಸಿದೆ.

ಪದದ ಮಟ್ಟದಲ್ಲಿ ಉಳಿಸಿದ್ದು ತೀರಾ ಕಡಿಮೆ. "ಒಂದು" ಬದಲು 1 ಹಾಕಿದರೆ ಪ್ರತಿ ಸಲ ಮೂರು ಉಳಿಯುತ್ತದೆ. "ತುಂಬಿಸುವುದು ಒಳ್ಳೆಯದು" ಹೋಗಿ "ತುಂಬಿಸಿ" ಆಯಿತು, ಅದರಲ್ಲಿ ಹದಿಮೂರು. ದೊಡ್ಡ ಉಳಿತಾಯ ಎಲ್ಲ ಇಡೀ ವಾಕ್ಯ ಬಿಟ್ಟಾಗಲೇ ಬಂದಿದ್ದು. "ಸ್ಪ್ರಿಂಕ್ಲರ್" ಬದಲು "ನೀರು" ಅಂದರೆ 12ರ ಜಾಗದಲ್ಲಿ 4 ಸಾಕು. ಆದರೆ ನೀರು ಹಾಕಿ ಅಂದರೆ ಯಾರಾದರೂ ಪೈಪ್ ಹಿಡಿದು ಬುಡಕ್ಕೆ ಬಿಟ್ಟಾರು. ಇಲ್ಲಿ ಬೇಕಿರೋದು ಮಳೆಯ ಥರ ಮೇಲಿನಿಂದ ಬೀಳುವ ನೀರು. ಆ 12 ಅದರ ಬೆಲೆಗೆ ತಕ್ಕದ್ದು.

ಇನ್ನೂ 36 ಉಳಿದಿದೆಯಲ್ಲ ಅಂತ ಕೇಳಬಹುದು. ಹೂ ಬಿಟ್ಟಾಗ ಔಷಧಿ ಹೊಡೆಯಬೇಡಿ ಅಂತ ಸೇರಿಸುವ ಆಸೆ ನನಗೂ ಬಂತು. ರೊಬಸ್ಟಾಗೆ ಪರಾಗ ಬೇರೆ ಗಿಡದಿಂದಲೇ ಬರಬೇಕು, ಜೇನು ತುಂಬಾ ಮುಖ್ಯ, ಎಲ್ಲ ನಿಜ. ಆದರೆ ಹೂ ಅರಳೋದು ಮಳೆಯಾಗಿ ಎಂಟು ಹತ್ತು ದಿನಕ್ಕೆ. ಇವತ್ತಿನ ಕೆಲಸದ ಪಕ್ಕ ಮುಂದಿನ ವಾರದ ಕೆಲಸ ಇಟ್ಟರೆ ಎರಡೂ ಮಸುಕಾಗುತ್ತದೆ. ಅದಕ್ಕೆ ಅದರದೇ ದಿನ ಬೇರೆ ಸಾಲು ಬರೆಯುತ್ತೇನೆ.

ಸೆಂಟ್ ಬಗ್ಗೆ ಒಂದು ಮಾತು, ಇದರಲ್ಲಿ ಸಿಟ್ಟೂ ಇದೆ. ಆನ್‌ಲೈನಲ್ಲಿ ತರಿಸಿದ ಹೊಸ ಮಾಪಕದ ಅಳತೆಯ ಗಾಜು ಮಿಲಿಮೀಟರಿನದು. ಅದು ಪರವಾಗಿಲ್ಲ, 65 ಸೆಂಟ್ ಅಂದರೆ 16.5 ಮಿಮೀ ಅಂತ ಲೆಕ್ಕ ಹಾಕಬಹುದು. ಆದರೆ ಆ ಗಾಜು ಬೇರೆ ಅಗಲದ ಆಲಿಕೆಗೆ ಮಾಡಿದ್ದು! ಎಂಟು ಇಂಚಿನ ಆಲಿಕೆಯಲ್ಲಿ ಒಂದು ಮಿಮೀ ಮಳೆಗೆ 32.4 ಮಿಲಿಲೀಟರ್ ನೀರು ಸೇರಬೇಕು. ಅಡುಗೆಮನೆಯ ಅಳತೆಯ ಲೋಟದಲ್ಲಿ ಅಷ್ಟು ಸುರಿದು ನೋಡಿದರೆ ಗಾಜು ಬೇರೇನೋ ಹೇಳುತ್ತಿತ್ತು. ಮಾರಿದವರು ಬದಲಿಸಿ ಕೊಡುತ್ತೇವೆ ಅಂದರು, ಈವರೆಗೆ ಬಂದಿಲ್ಲ. ಒಂದು ಇಂಚು ಅನ್ನೋ ಗೆರೆಯ ಮೇಲೇ ಇಡೀ ಬರಹ ನಿಂತಿರುವಾಗ ಮಾಪಕವೇ ಹೀಗಿದ್ದರೆ ಏನು ಮಾಡೋದು? ಸದ್ಯಕ್ಕೆ ಹಳೇ ಮಾಪಕದಲ್ಲೇ ಅಳೆಯುತ್ತಿದ್ದೇನೆ. ಬರಹದಲ್ಲಿ ಇಂಚು, ಸೆಂಟೇ ಇಟ್ಟಿದ್ದೇನೆ, ಇಲ್ಲಿ ಹಿರಿಯರ ಡೈರಿಗಳೆಲ್ಲ ಅದರಲ್ಲೇ ಇವೆ.

ಇದು ಮುಗಿಯುತ್ತಿದ್ದಂತೆ ಮುಂದಿನ ಕೆಲಸ ತಲೆಗೆ ಹತ್ತಿದೆ: ಎಸ್ಎಂಎಸ್. ಒಳಗಿನ ತೋಟಗಳಲ್ಲಿ ಡೇಟಾ ಸಿಗುವುದಿಲ್ಲ, ಆದರೆ ಗುಡ್ಡದ ತುದಿಗೆ ಹೋದರೆ ಮೆಸೇಜ್ ಬರುತ್ತದೆ. ಇಂಗ್ಲಿಷಿನಲ್ಲಾದರೆ ಒಂದು ಎಸ್ಎಂಎಸ್‌ಗೆ 160. ಕನ್ನಡದಲ್ಲಿ ಬರೆದರೆ ಸಾಮಾನ್ಯವಾಗಿ 70 ಮಾತ್ರ, ದಾಟಿದರೆ ಎರಡು ಮೆಸೇಜಿನ ದುಡ್ಡು. 220ನ್ನು 70ಕ್ಕೆ ಇಳಿಸಬೇಕು. ಕೊಂಡಿ ಇಲ್ಲ, ಕಾರಣ ಇಲ್ಲ, ಸುದ್ದಿ ಇಲ್ಲ. ಎರಡು ಷರತ್ತು, ಎರಡು ಉತ್ತರ ಮಾತ್ರ. ನಿನ್ನೆ ರಾತ್ರಿ ಕೂತು ನೋಡಿದ್ದು ಇದು:

"1 ಇಂಚಿಗಿಂತ ಕಡಿಮೆ ಬಂದಿದ್ದರೆ ನಾಳೆಯೊಳಗೆ ಸ್ಪ್ರಿಂಕ್ಲರ್ ಹಾಕಿ. ದಾಟಿದ್ದರೆ ಬೇಡ."

ಎಣಿಸಿದರೆ ಸರಿಯಾಗಿ 70. ರೊಬಸ್ಟಾ ಅನ್ನೋ ಪದಕ್ಕೆ ಜಾಗ ಇಲ್ಲ. ಬರೀ ರೊಬಸ್ಟಾ ಇರುವವರಿಗೆ ಇದು ಸಾಕು. ಅರೇಬಿಕಾ ಕೂಡ ಇರುವವರಿಗೆ ಬೇರೆ ಪಟ್ಟಿ ಮಾಡಬೇಕು. ಯಾರ ತೋಟದಲ್ಲಿ ಏನಿದೆ ಅಂತ ಈ ಭಾನುವಾರ ಮಾವನ ಜೊತೆ ಕೂತು ಬರೆದುಕೊಳ್ಳುತ್ತೇನೆ.