60 ದಿನ ಟೈಮ್ ಕೇಳಿದ ಕ್ಲೈಂಟಿಗೆ ಏನಂತ ಬರೀಬೇಕು?

"ಕ್ಲೈಂಟು ಪೇಮೆಂಟಿಗೆ 30 ದಿನದ ಬದಲು 60 ದಿನ ಟೈಮ್ ಕೇಳ್ತಿದಾರೆ. ಆಗಲ್ಲ ಅಂದ್ರೆ ಕೆಲಸ ಕೈ ತಪ್ಪತ್ತೆ, ಆಯ್ತು ಅಂದ್ರೆ ನನಗೆ ಕಷ್ಟ. ಏನಂತ ರಿಪ್ಲೈ ಮಾಡ್ಲಿ?"

ಆಯ್ತು ಅನ್ನಿ, ಆದ್ರೆ ಅದೇ ಇ-ಮೇಲಲ್ಲೇ ಅಡ್ವಾನ್ಸೂ ಕೇಳ್ಬಿಡಿ. ಮೊದಲು 60 ದಿನಕ್ಕೆ ಒಪ್ಕೊಂಡು ಆಮೇಲೆ ಅಡ್ವಾನ್ಸ್ ಕೇಳೋಣ ಅಂತ ಕೂತ್ರೆ, ಅಷ್ಟೊತ್ತಿಗೆ ಅವರಿಗೆ ಬೇಕಾಗಿದ್ದು ಸಿಕ್ಕಿರತ್ತೆ, ನಿಮ್ಮ ಮಾತು ಯಾಕೆ ಕೇಳ್ತಾರೆ.

ಎಷ್ಟು ಕೇಳೋದು ಅನ್ನೋದಕ್ಕೆ ಸ್ವಲ್ಪ ಲೆಕ್ಕ ಹಾಕ್ಕೊಳ್ಳಿ. 8 ವಾರದ ಕೆಲಸ, ಬಿಲ್ಲು ಕೊನೇಲಿ ಅಂದ್ರೆ 56 ದಿನ ಕೆಲಸ, ಮೇಲೆ 60, ಒಟ್ಟು 116 ದಿನ, ಅಂದ್ರೆ ಹೆಚ್ಚುಕಮ್ಮಿ ನಾಲ್ಕು ತಿಂಗಳು ಕೈಗೆ ಏನೂ ಬರಲ್ಲ. ಆ ಟೈಮಲ್ಲಿ ಜೊತೆಗೆ ಕೆಲಸ ಮಾಡೋರಿಗೆ, ಸಾಫ್ಟ್‌ವೇರಿಗೆ ಅಂತ ಬಿಲ್ಲಿನ 35% ನಿಮ್ಮ ಕೈಯಿಂದ ಹೋಗತ್ತೆ ಅಂದ್ಕೊಳ್ಳಿ, ಹಾಗಿದ್ರೆ 40% ಕೇಳಿ. ಆಗ ತಡವಾಗೋದು ನಿಮ್ಮ ಸಂಪಾದನೆ ಮಾತ್ರ, ಜೇಬಿಂದ ಹಾಕಿದ ದುಡ್ಡು ಸಿಕ್ಕಾಕೊಳ್ಳಲ್ಲ. 40% ಯಾಕೆ ಅಂತ ಕೇಳಿದ್ರೂ ಹೇಳೋಕೆ ಉತ್ತರ ಇರತ್ತೆ.

ನಾನು ಬರೆಯೋದು ಹೆಚ್ಚುಕಮ್ಮಿ ಹೀಗೆ:

"ನಮಸ್ಕಾರ ಸರ್, 60 ದಿನಕ್ಕೆ ನಂದೇನೂ ತಕರಾರಿಲ್ಲ. ಈ ಕೆಲಸದ ಖರ್ಚು ಮೊದಲ ವಾರದಿಂದಲೇ ಶುರುವಾಗೋದ್ರಿಂದ 40% ಅಡ್ವಾನ್ಸ್ ಕೊಟ್ರೆ ಅನುಕೂಲ. ಉಳಿದ 60%ಗೆ ಕೆಲಸ ಒಪ್ಪಿಸಿದ ದಿನ ಬಿಲ್ ಕಳಿಸ್ತೀನಿ, ಬಿಲ್ ತಾರೀಖಿಂದ 60 ದಿನದೊಳಗೆ ಕೊಡಿ. ಅಡ್ವಾನ್ಸ್ ಬಿಲ್ ಇದರ ಜೊತೆಗಿದೆ, ಅದು ಬಂದ ಮರುದಿನವೇ ಕೆಲಸ ಶುರು ಮಾಡ್ತೀನಿ."

ಕ್ಷಮಿಸಿ, ತೊಂದರೆ ಕೊಡ್ತಿದೀನಿ, ಇಂಥದ್ದೆಲ್ಲ ಬೇಡ, ಸಾಲ ಕೇಳ್ತಿಲ್ಲವಲ್ಲ.

ಇದರಲ್ಲಿ "ಬಿಲ್ ತಾರೀಖಿಂದ" ಅನ್ನೋ ಮಾತನ್ನ ಮಾತ್ರ ಬಿಡ್ಬೇಡಿ. ಎಷ್ಟೋ ಅಗ್ರಿಮೆಂಟಲ್ಲಿ ಅಪ್ರೂವಲ್ ಆದ ದಿನದಿಂದ 60 ಅಂತ ಇರತ್ತೆ, ಅಪ್ರೂವ್ ಮಾಡೋರು ರಜೆ ಹಾಕಿದ್ರೆ ಲೆಕ್ಕ ಶುರುನೇ ಆಗಲ್ಲ. ಅದನ್ನ ಬದಲಾಯಿಸಲ್ಲ ಅಂದ್ರೆ, ಬಿಲ್ ಕಳಿಸಿ 7 ದಿನದಲ್ಲಿ ಏನೂ ತಕರಾರು ಬರದಿದ್ರೆ ಅಪ್ರೂವ್ ಆದ ಹಾಗೆ ಅಂತ ಒಂದು ಸಾಲು ಸೇರಿಸ್ಕೊಳ್ಳಿ. ಅಕೌಂಟ್ಸ್‌ನವರು ತಿಂಗಳಿಗೆ ಒಂದೇ ಸಲ ಪೇಮೆಂಟ್ ಬಿಡ್ತಾರಾ ಅಂತಾನೂ ಕೇಳಿ, ಯಾಕಂದ್ರೆ ಆ ತಾರೀಖು ತಪ್ಪಿದ್ರೆ 60 ಹೋಗಿ 90 ಆಗತ್ತೆ.

ಅಡ್ವಾನ್ಸ್ ಕೊಡೋದು ನಮ್ಮ ಪಾಲಿಸೀಲೇ ಇಲ್ಲ ಅಂತಾರೆ ಕೆಲವರು. ಹಾಗಾದ್ರೆ ಎರಡೆರಡು ವಾರಕ್ಕೆ ಆದಷ್ಟು ಕೆಲಸಕ್ಕೆ ಬಿಲ್ ಮಾಡ್ತೀನಿ ಅನ್ನಿ, ಮೊದಲ ದುಡ್ಡು 116ನೇ ದಿನದ ಬದಲು 74ನೇ ದಿನ ಬರತ್ತೆ. ಅಷ್ಟು ಚೆನ್ನಾಗೇನಿಲ್ಲ, ಆದ್ರೂ ತಡ್ಕೋಬಹುದು.

ಹಳೇ ಬಿಲ್ಲೇ ಬಾಕಿ ಇಟ್ಕೊಂಡಿರೋರು ಹೊಸ ಕೆಲಸಕ್ಕೆ 60 ದಿನ ಕೇಳಿದ್ರೆ ಮಾತ್ರ ನಾನು ಇಷ್ಟೆಲ್ಲ ಬರೆಯೋಕೆ ಹೋಗಲ್ಲ. "ಹಳೇದು ಕ್ಲಿಯರ್ ಆದ್ಮೇಲೆ ಹೊಸದರ ಟರ್ಮ್ಸ್ ಮಾತಾಡೋಣ ಸರ್" ಅಂತ ಒಂದೇ ಸಾಲು ಕಳಿಸಿ ಸುಮ್ಮನಾಗ್ತೀನಿ.