ಬಳ್ಳಾರಿ ಅಕ್ಕನಿಗೇ ಯಾಕೆ ಎಲ್ಲ ತೆಲುಗು ಟಿಕೆಟ್?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸೀಸನ್ ಜೋರಾಯಿತೆಂದರೆ ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲಿ ಚಹಾ ಕುಡಿಯಲೂ ಪುರುಸೊತ್ತು ಇರುವುದಿಲ್ಲ. ನಮ್ಮದು ದಲಾಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುವ ಕೆಲಸ. ಹಾವೇರಿ, ಗದಗ ಕಡೆಯವರು ಕನ್ನಡದಲ್ಲಿ ಕೇಳುತ್ತಾರೆ. ಗುಂಟೂರು, ಕರ್ನೂಲು, ಆದೋನಿ ಕಡೆಯ ವ್ಯಾಪಾರಿಗಳು ತೆಲುಗಿನಲ್ಲಿ. ಪ್ರತಿ ದೂರು ಒಂದು ಟಿಕೆಟ್ ಆಗುತ್ತದೆ, ಆ ಟಿಕೆಟ್ ಯಾರಿಗೆ ಹೋಗಬೇಕು ಅನ್ನುವುದನ್ನು ಸಿಸ್ಟಮ್ಮೇ ತೀರ್ಮಾನಿಸುತ್ತದೆ.

ಸಪೋರ್ಟಿನಲ್ಲಿ ಎಂಟು ಜನ. ಕನ್ನಡ ಎಲ್ಲರಿಗೂ ಬರುತ್ತದೆ. ತೆಲುಗು ಬರುವುದು ಇಬ್ಬರಿಗೆ ಮಾತ್ರ: ಒಬ್ಬರನ್ನು ನಾವೆಲ್ಲ ಬಳ್ಳಾರಿ ಅಕ್ಕ ಅನ್ನುತ್ತೇವೆ, ಇನ್ನೊಬ್ಬ ರಾಯಚೂರಿನ ಹುಡುಗ. ಅಕ್ಕ ಸೇರಿದ ಮೇಲೆ ಆಕೆಯೇ ಅವನನ್ನು ಕರೆತಂದದ್ದು. ಹಾಗಾಗಿ ಪಟ್ಟಿಯಲ್ಲಿ ಅಕ್ಕ ಐದನೆಯವರು, ಅವನು ಆರನೆಯವನು. ಈ ಸಣ್ಣ ವಿಷಯವನ್ನು ನೆನಪಿಟ್ಟುಕೊಳ್ಳಿ.

ಒಂದು ಸೋಮವಾರ ಮಧ್ಯಾಹ್ನ ಅಕ್ಕ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಮ್ಯಾನೇಜರ್ ಹತ್ತಿರ ಹೋದರು. "ಸರ್, ತೆಲುಗು ಟಿಕೆಟ್ ಎಲ್ಲಾ ನನಗ ಬರಾಕತ್ತಾವ್ರಿ. ಅವನಿಗೂ ತೆಲುಗು ಬರ್ತದ ಅಲ್ರಿ?" ಮ್ಯಾನೇಜರ್ ಡ್ಯಾಶ್‌ಬೋರ್ಡ್ ತೆರೆದು ತೋರಿಸಿದರು. ಅಕ್ಕನ ಹೆಸರಿನ ಮುಂದೆ ಎಷ್ಟು ಟಿಕೆಟ್ ಇತ್ತೋ, ರಾಯಚೂರಿನವನ ಮುಂದೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. "ನೋಡ್ರಿ ಅಕ್ಕಾರ, ಇಬ್ಬರಿಗೂ ಸಮ ಐತಿ. ಪಾಳಿ ಪ್ರಕಾರ ಹೋಗ್ತೈತಿ, ಮಷೀನು ಪಕ್ಷಪಾತ ಮಾಡಂಗಿಲ್ಲ." ಉಳಿದ ಆರು ಜನರಿಗೆ ಕಡಿಮೆ ಇತ್ತು. ಎರಡು ಭಾಷೆ ಬಂದವರಿಗೆ ಜಾಸ್ತಿ ಬರುವುದು ಸಹಜ ಅಲ್ವಾ ಅಂತ ಅದಕ್ಕೂ ಕಾರಣ ಸಿಕ್ಕಿತು. ಅಕ್ಕ ಏನೂ ಮಾತಾಡದೆ ವಾಪಸ್ ಬಂದರು. ಆದರೆ ಅವರು ಸುಮ್ನೆ ಹೇಳುವವರಲ್ಲ ಅಂತ ನನಗೆ ಗೊತ್ತಿತ್ತು. ಸಂಜೆ ಟಿಕೆಟ್ ಹಂಚುವ ನಿಯಮವನ್ನು ತೆರೆದು ನೋಡಿದೆ. ಅದರ ತಿರುಳು ಇಷ್ಟೇ:

```
i = last + 1
while not can_do(team[i % 8], ticket):
    i += 1
last = i % 8
```

ಕೊನೆಯ ಟಿಕೆಟ್ ಯಾರಿಗೆ ಹೋಯಿತು ಅನ್ನುವುದನ್ನು `last` ನೆನಪಿಟ್ಟುಕೊಳ್ಳುತ್ತದೆ. ಹೊಸ ಟಿಕೆಟ್ ಬಂದಾಗ ಅವರ ನಂತರದವರಿಂದ ಶುರು ಮಾಡಿ, ಆ ಭಾಷೆ ಬರುವವರು ಸಿಗುವ ತನಕ ಮುಂದೆ ಹೋಗುತ್ತದೆ. ಸಿಕ್ಕ ಮೊದಲನೆಯವರಿಗೆ ಕೊಡುತ್ತದೆ. ಓದಿದರೆ ನ್ಯಾಯವಾಗಿಯೇ ಕಾಣುತ್ತದೆ. ಎಲ್ಲರೂ ಎಲ್ಲ ಕೆಲಸ ಮಾಡುವ ಕಡೆ ಇದು ನ್ಯಾಯವೇ. ತೊಂದರೆ ಇರುವುದು `last` ಒಂದೇ ಇರುವುದರಲ್ಲಿ. ಕನ್ನಡಕ್ಕೂ ಅದೇ, ತೆಲುಗಿಗೂ ಅದೇ.

ಈಗ ಒಂದು ತೆಲುಗು ಟಿಕೆಟ್ ಬಂತು ಅಂದುಕೊಳ್ಳಿ. ಹಿಂದಿನ ಟಿಕೆಟ್ ಎರಡನೆಯವರಿಗೆ ಹೋಗಿದ್ದರೆ ಹುಡುಕಾಟ ಮೂರರಿಂದ ಶುರುವಾಗಿ ಐದರಲ್ಲಿ ನಿಲ್ಲುತ್ತದೆ: ಅಕ್ಕ. ಹಿಂದಿನದು ಎಂಟನೆಯವರಿಗೆ ಹೋಗಿದ್ದರೆ ಒಂದರಿಂದ ಶುರುವಾಗಿ ಮತ್ತೆ ಐದಕ್ಕೇ ಬರುತ್ತದೆ: ಅಕ್ಕ. ರಾಯಚೂರಿನವನಿಗೆ ತೆಲುಗು ಟಿಕೆಟ್ ಹೋಗಬೇಕಾದರೆ ಅದಕ್ಕೂ ಮುಂಚಿನ ಟಿಕೆಟ್ ಅಕ್ಕನಿಗೇ ಹೋಗಿರಬೇಕು. ಬೇರೆ ದಾರಿಯೇ ಇಲ್ಲ. ಎಂಟು ಜಾಗದಲ್ಲಿ ಏಳು ಜಾಗದಿಂದ ಹೊರಟರೂ ಮೊದಲು ಸಿಗುವುದು ಅಕ್ಕನ ಬಾಗಿಲು.

ಹಾಗಾದರೆ ಒಟ್ಟು ಲೆಕ್ಕ ಹೇಗೆ ಸಮ ಬಂತು? ನನಗೆ ಇಲ್ಲಿಯೇ ಮಜಾ ಅನಿಸಿದ್ದು. ಅಕ್ಕನಿಗೆ ಒಂದು ಟಿಕೆಟ್ ಹೋದ ಕೂಡಲೇ ಮುಂದಿನದು ಕನ್ನಡವಿರಲಿ, ತೆಲುಗಿರಲಿ, ರಾಯಚೂರಿನವನಿಗೆ ಹೋಗುತ್ತದೆ. ಅವನಿಗೆ ಎರಡೂ ಬರುತ್ತದಲ್ಲ. ಅಕ್ಕನಿಗೆ ಒಂದು, ಅವನಿಗೆ ಒಂದು. ಒಟ್ಟು ಸಂಖ್ಯೆ ಯಾವತ್ತೂ ಸಮವೇ. ಭಾಷೆ ಬಿಡಿಸಿ ನೋಡಿದರೆ ಮಾತ್ರ ಬಣ್ಣ ಬಯಲಾಗುತ್ತದೆ.

ನೂರು ಟಿಕೆಟ್‌ನಲ್ಲಿ 25 ತೆಲುಗು, 75 ಕನ್ನಡ, ಯಾವ ಕ್ರಮವೂ ಇಲ್ಲದೆ ಬೆರೆತು ಬರುತ್ತವೆ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಅಕ್ಕನಿಗೆ ಸರಾಸರಿ 22 ಬರುತ್ತವೆ, ಅದರಲ್ಲಿ 19 ತೆಲುಗು. ರಾಯಚೂರಿನವನಿಗೂ 22, ಆದರೆ ತೆಲುಗು ಸುಮಾರು 6 ಮಾತ್ರ. ಅವನ ನಂತರ ಕೂತ ಏಳನೆಯವರಿಗೆ 17, ಎಂಟನೆಯವರಿಗೆ 13. ಹೀಗೆ ಇಳಿಯುತ್ತಾ ಹೋಗಿ ಅಕ್ಕನಿಗಿಂತ ಮುಂಚೆ ಇರುವ ನಾಲ್ಕನೆಯವನಿಗೆ ಬರುವುದು 4! ಹೆಚ್ಚಿನ ತೆಲುಗು ಟಿಕೆಟ್‌ಗಳು ಪಾಳಿಯನ್ನು ಅವನ ತಲೆ ಮೇಲಿಂದ ಹಾರಿಸಿಕೊಂಡು ಹೋಗುತ್ತಿದ್ದವು. ಆ ನಾಲ್ಕನೆಯವನು ನವಲಗುಂದದವನು, ಸೀಸನ್‌ನಲ್ಲೂ ಆರಾಮಾಗಿ ಗಿರ್ಮಿಟ್ ತಿಂದು ಬರುತ್ತಿದ್ದ. ಅವನನ್ನು ಮೈಗಳ್ಳ ಅಂತ ಬೈದವರೂ ಇದ್ದರು. ಪಾಪ, ಅವನದೇನೂ ತಪ್ಪಿರಲಿಲ್ಲ.

ಮರುದಿನ ಮ್ಯಾನೇಜರ್‌ಗೆ ಲೆಕ್ಕ ತೋರಿಸಿ, ಹಳೆಯ ಟಿಕೆಟ್‌ಗಳನ್ನು ಭಾಷೆವಾರು ಬಿಡಿಸಿದೆವು. ಅಂಕಿ ಹೆಚ್ಚುಕಡಿಮೆ ಹಾಗೆಯೇ ಇತ್ತು. ಮೊದಲು ಭಾಷೆಗೊಂದು ಬೇರೆ ಪಾಳಿ ಇಟ್ಟೆವು. ತೆಲುಗು ಟಿಕೆಟ್ ಇಬ್ಬರ ನಡುವೆ ಸರಿಯಾಗಿ ಹಂಚಿಕೆಯಾಯಿತು. ಆದರೆ ಕನ್ನಡದ ಪಾಳಿಯಲ್ಲೂ ಅವರಿಬ್ಬರ ಹೆಸರಿದೆಯಲ್ಲ. ನೂರರ ಲೆಕ್ಕದಲ್ಲಿ ಉಳಿದವರಿಗೆ ಒಂಬತ್ತು ಚಿಲ್ಲರೆ ಬಂದರೆ, ಅವರಿಗೆ ಅಷ್ಟು ಕನ್ನಡದ ಮೇಲೆ ಹನ್ನೆರಡೂವರೆ ತೆಲುಗು. ಮತ್ತೆ 22! ಇನ್ನೊಂದು ಭಾಷೆ ಕಲಿತಿದ್ದಕ್ಕೆ ದಂಡ ಕಟ್ಟಿದ ಹಾಗೆ.

ಆಮೇಲೆ ಪಾಳಿಯನ್ನೇ ಬಿಟ್ಟೆವು. ಭಾಷೆ ಬರುವವರಲ್ಲಿ ಯಾರ ಕೈಯಲ್ಲಿ ಈಗ ಕಡಿಮೆ ಕೆಲಸ ಬಾಕಿ ಇದೆಯೋ ಅವರಿಗೆ ಕೊಡು, ಸಮ ಇದ್ದರೆ ಯಾರಿಗೆ ಟಿಕೆಟ್ ಹೋಗಿ ಹೆಚ್ಚು ಹೊತ್ತಾಗಿದೆಯೋ ಅವರಿಗೆ ಕೊಡು. ಈ ನಿಯಮದಲ್ಲಿ ತೆಲುಗು ತುಂಬಿದವರ ಹತ್ತಿರ ಕನ್ನಡ ತಾನಾಗಿಯೇ ಹೋಗುವುದಿಲ್ಲ. ವ್ಯಾಪಾರಿಯ ಉತ್ತರಕ್ಕೆ ಕಾಯುತ್ತಿರುವ ಟಿಕೆಟ್‌ಗಳನ್ನು ಬಾಕಿಯ ಲೆಕ್ಕದಿಂದ ತೆಗೆದೆವು. ಇಲ್ಲದಿದ್ದರೆ ಸುಮ್ಮನೆ ಕೂತವರೂ ಬಿಜಿ ಇದ್ದ ಹಾಗೆ ಕಾಣುತ್ತಾರೆ.

ಇದಕ್ಕೂ ತನ್ನದೇ ಕಾಟ ಇತ್ತು. ಹಾವೇರಿಯವನೊಬ್ಬ ರಜೆ ಮುಗಿಸಿ ಬಂದು ಲಾಗಿನ್ ಆದ. ಅವನ ಬಾಕಿ ಸೊನ್ನೆ. ಉಳಿದವರ ಮಟ್ಟಕ್ಕೆ ಬರುವ ತನಕ ಬಂದ ಕನ್ನಡ ಟಿಕೆಟ್ ಎಲ್ಲಾ ಅವನ ತಲೆ ಮೇಲೆಯೇ ಬಿದ್ದವು. "ರಜಾ ತಗೊಂಡಿದ್ದs ತಪ್ಪಾತೇನ್ರಿ?" ಅಂತ ಕೂಗಿದ. ಹದಿನೈದು ನಿಮಿಷಕ್ಕೆ ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಹೊಸದು ಬೇಡ ಅಂತ ಮಿತಿ ಹಾಕಿದೆವು. ನವಲಗುಂದದವನೂ ಬಂದಿದ್ದ. ಹೊಸ ನಿಯಮದಲ್ಲಿ ಏನೋ ತಪ್ಪಿದೆ, ತನಗೆ ವಿಪರೀತ ಟಿಕೆಟ್ ಬರುತ್ತಿವೆ ಅಂತ ಅವನ ತಕರಾರು. ಅವನಿಗೂ ಅದೇ ಲೆಕ್ಕದ ಹಾಳೆ ತೋರಿಸಿದೆ.

ಬಾಕಿಯನ್ನು ಬರೀ ಸಂಖ್ಯೆಯಲ್ಲಿ ಎಣಿಸಿದರೆ ನೂರು ಟಿಕೆಟ್ ಎಂಟು ಜನರಿಗೆ ಚೆನ್ನಾಗಿ ಹೊಂದುತ್ತದೆ: ಇಬ್ಬರಿಗೆ 25 ತೆಲುಗು, ಆರು ಜನರಿಗೆ 75 ಕನ್ನಡ, ತಲೆಗೆ ಹನ್ನೆರಡೂವರೆ. ಆದರೆ ನಮ್ಮ ತೆಲುಗು ಟಿಕೆಟ್‌ಗಳು ದೊಡ್ಡ ಖರೀದಿದಾರರವು. ಲಾಟ್ ಲಾಟ್ ಆಗಿ ಬಿಲ್ ತಾಳೆ ನೋಡಬೇಕು. ಪ್ರಿಂಟರ್ ಸರಿಮಾಡುವ ಕನ್ನಡ ಟಿಕೆಟ್‌ನ ಎರಡರಷ್ಟು ಹೊತ್ತು ಬೇಕು. ಅದಕ್ಕೆ ಎರಡು ಅಂಕ ಕೊಟ್ಟು ಎಣಿಸಿದರೆ ತೆಲುಗಿನವರ ತಲೆಗೆ 25, ಉಳಿದವರಿಗೆ ಹನ್ನೆರಡೂವರೆ. ಒಂದೂ ಕನ್ನಡ ಟಿಕೆಟ್ ಕೊಡದಿದ್ದರೂ ಅಷ್ಟೇ. ಇದನ್ನು ಯಾವ ನಿಯಮ ಬರೆದರೂ ಸರಿಮಾಡಲು ಆಗುವುದಿಲ್ಲ ಅಂತ ಮ್ಯಾನೇಜರ್‌ಗೆ ಹೇಳಿದೆ. ಅವರು ಅಕ್ಕನನ್ನು ಕರೆದು, ಬಳ್ಳಾರಿ ಕಡೆ ಇನ್ನೊಬ್ಬರು ಯಾರಾದರೂ ಸಿಗುತ್ತಾರಾ ಅಂತ ಕೇಳಿದರು.